ಎರಡರ ಲೆಕ್ಕ: ಎಲೆಕ್ಟ್ರಾನ್‌ಗಳನ್ನು ಒಂದೇ ವೃತ್ತದಲ್ಲಿ ಓಡಿಸಿದ ಬೀಟಾಟ್ರಾನ್

ಊರಾಚೆ ಹೊಲದ ಬದಿಯಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರನ್ನು ನಮ್ಮ ರೈತರು ಟಿ.ಸಿ. ಎನ್ನುತ್ತಾರೆ. ಅದರೊಳಗೆ ತಿರುಗುವ ಭಾಗ ಒಂದೂ ಇಲ್ಲ. ಕಬ್ಬಿಣದ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದು ತಿರುಳು, ಅದಕ್ಕೆ ಸುತ್ತಿದ ಎರಡು ತಂತಿ ಸುರುಳಿಗಳು, ತಂಪಿಗಾಗಿ ಎಣ್ಣೆ, ಇಷ್ಟೇ. ಮೊದಲ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಏರಿಳಿದಂತೆ ತಿರುಳಿನ ಕಾಂತತ್ವವೂ ಏರಿಳಿಯುತ್ತದೆ. ಹಾಗೆ ಬದಲಾಗುವ ಕಾಂತತ್ವವು ಎರಡನೆಯ ಸುರುಳಿಯ ತಂತಿಯೊಳಗಿನ ಎಲೆಕ್ಟ್ರಾನ್‌ಗಳನ್ನು ಸುತ್ತಲೂ ತಳ್ಳುತ್ತದೆ. ಒಂದು ಸುರುಳಿ ಇನ್ನೊಂದನ್ನು ಮುಟ್ಟುವುದಿಲ್ಲ, ಆದರೂ ಪಂಪ್‌ಸೆಟ್ಟು ಓಡುತ್ತದೆ.

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಾರ್ವೆಯ ಹುಡುಗ ರಾಲ್ಫ್ ವಿಡೆರೋ ಇದೇ ಟ್ರಾನ್ಸ್‌ಫಾರ್ಮರನ್ನು ನೋಡಿ ಒಂದು ಪ್ರಶ್ನೆ ಕೇಳಿಕೊಂಡ. ಎರಡನೆಯ ಸುರುಳಿಯ ತಂತಿಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಗಾಳಿಯನ್ನೆಲ್ಲ ಹೊರಗೆಳೆದ ಟೊಳ್ಳು ಗಾಜಿನ ಬಳೆಯೊಂದನ್ನು ಇಟ್ಟು, ಅದರೊಳಗೆ ಎಲೆಕ್ಟ್ರಾನ್‌ಗಳನ್ನು ಬಿಟ್ಟರೆ ಏನಾಗುತ್ತದೆ? ತಂತಿಯೊಳಗಿನ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಲೋಹದ ಪರಮಾಣುಗಳಿಗೆ ಡಿಕ್ಕಿ ಹೊಡೆದು, ಗಳಿಸಿದ ವೇಗವನ್ನು ಅಲ್ಲಲ್ಲೇ ಕಳೆದುಕೊಳ್ಳುತ್ತದೆ. ನಿರ್ವಾತದಲ್ಲಿ ಡಿಕ್ಕಿಯ ಮಾತಿಲ್ಲ. ಒಂದು ಸುತ್ತಿನಲ್ಲಿ ಸಿಕ್ಕ ತಳ್ಳು ಮುಂದಿನ ಸುತ್ತಿಗೆ ಹಾಗೆಯೇ ಉಳಿಯುತ್ತದೆ. ಸುತ್ತಿಗೆ ಹತ್ತೇ ವೋಲ್ಟು ಸಿಕ್ಕರೂ ಲಕ್ಷ ಸುತ್ತು ಸುತ್ತಿದರೆ ಹತ್ತು ಲಕ್ಷ ವೋಲ್ಟಿನ ಶಕ್ತಿ. ಅಷ್ಟು ವೋಲ್ಟನ್ನು ಒಂದೇ ಕಡೆ ಹುಟ್ಟಿಸಲು ಹೋದರೆ ಕಿಡಿ ಹಾರಿ ಯಂತ್ರವೇ ಸುಡುತ್ತಿದ್ದ ಕಾಲ ಅದು. ವಿಡೆರೋ ತನ್ನ ಕಲ್ಪನೆಗೆ ‘ಕಿರಣ ಟ್ರಾನ್ಸ್‌ಫಾರ್ಮರ್’ ಎಂದು ಹೆಸರಿಟ್ಟ. 1923ರ ಅವನ ನೋಟ್‌ಬುಕ್ಕಿನಲ್ಲಿ ಅದರ ಚಿತ್ರವೂ ಇದೆ, ಲೆಕ್ಕವೂ ಇದೆ. ಆ ಲೆಕ್ಕದ ತುದಿಯಲ್ಲಿ ಬಂದು ನಿಂತದ್ದು ಒಂದು ಸರಳ ಅಂಕಿ: ಎರಡು. ಈ ಬರಹ ಆ ಎರಡರ ಬಗ್ಗೆ.

ತಳ್ಳುವುದು ಒಂದು, ಹಿಡಿಯುವುದು ಇನ್ನೊಂದು

ತಂತಿಯನ್ನು ತೆಗೆದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ತಂತಿ ಎಲೆಕ್ಟ್ರಾನಿಗೆ ಅಡ್ಡಿಯಷ್ಟೇ ಆಗಿರಲಿಲ್ಲ, ದಾರಿಯೂ ಆಗಿತ್ತು. ಅದು ಬಾಗಿದ ಕಡೆ ಎಲೆಕ್ಟ್ರಾನೂ ಬಾಗಬೇಕಿತ್ತು. ನಿರ್ವಾತದಲ್ಲಿ ಬಿಟ್ಟ ಎಲೆಕ್ಟ್ರಾನು ನೇರ ಹೋಗಿ ಗಾಜಿನ ಗೋಡೆಗೆ ಬಡಿಯುತ್ತದೆ. ಅದನ್ನು ವೃತ್ತದಲ್ಲಿ ಹಿಡಿದಿಡಲು ಬೇರೊಂದು ಬಲ ಬೇಕು. ಆ ಬಲವನ್ನೂ ಕಾಂತಕ್ಷೇತ್ರವೇ ಕೊಡಬಲ್ಲದು. ಚಲಿಸುವ ವಿದ್ಯುದಂಶವನ್ನು ಕಾಂತಕ್ಷೇತ್ರ ಪಕ್ಕಕ್ಕೆ ಎಳೆಯುತ್ತದೆ, ಕ್ಷೇತ್ರ ಒಂದೇ ಸಮನಾಗಿದ್ದರೆ ಅದರ ದಾರಿ ದುಂಡಗಾಗುತ್ತದೆ.

ಹೀಗೆ ಒಂದೇ ಕಾಂತ ಎರಡು ಕೆಲಸ ಮಾಡಬೇಕಾಗುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಮೊದಲನೆಯದು ತಳ್ಳುವ ಕೆಲಸ. ಎಲೆಕ್ಟ್ರಾನು ಸುತ್ತುವ ವೃತ್ತದ ಒಳಗಿನ ಇಡೀ ಬಯಲನ್ನು ಹಾದುಹೋಗುವ ಕಾಂತತ್ವದ ಒಟ್ಟು ಮೊತ್ತಕ್ಕೆ ಕಾಂತೀಯ ಅಭಿವಾಹ ಎನ್ನುತ್ತಾರೆ. ಅದು ಬದಲಾದಾಗ ವೃತ್ತದ ಉದ್ದಕ್ಕೂ ಒಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಫ್ಯಾರಡೆ ಕಂಡುಕೊಂಡ ಪ್ರೇರಣೆಯ ನಿಯಮ ಇದು. ಆ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಓಟದ ದಿಕ್ಕಿನಲ್ಲಿ ನೂಕುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ವೃತ್ತದ ಒಳಗಿನ ಇಡೀ ಮೊತ್ತ. ಕಾಂತತ್ವ ನಡುವೆ ಗುಡ್ಡೆಯಾಗಿದ್ದರೂ ಸರಿ, ಎಲ್ಲೆಡೆ ಹರಡಿದ್ದರೂ ಸರಿ.

ಎರಡನೆಯದು ಹಿಡಿಯುವ ಕೆಲಸ. ಎಲೆಕ್ಟ್ರಾನನ್ನು ಒಳಕ್ಕೆ ಎಳೆದು ಬಾಗಿಸುವುದು ಅದು ಓಡುತ್ತಿರುವ ಜಾಗದ ಕ್ಷೇತ್ರ ಮಾತ್ರ. ವೃತ್ತದ ನಡುವಿನಲ್ಲಿ ಎಷ್ಟೇ ಬಲವಾದ ಕಾಂತವಿದ್ದರೂ ಅಂಚಿನಲ್ಲಿ ಓಡುವ ಎಲೆಕ್ಟ್ರಾನನ್ನು ಅದು ನೇರವಾಗಿ ಎಳೆಯುವುದಿಲ್ಲ.

ಕವಣೆ ಬೀಸಿದವರಿಗೆ ಗೊತ್ತು, ಕಲ್ಲು ಜೋರಾದಷ್ಟೂ ಹಗ್ಗವನ್ನು ಬಿಗಿಯಾಗಿ ಹಿಡಿಯಬೇಕು. ಹಿಡಿತ ಸಾಲದಿದ್ದರೆ ಕಲ್ಲು ಹೊರಗೆ ಹಾರುತ್ತದೆ. ಎಲೆಕ್ಟ್ರಾನಿನ ವಿಷಯದಲ್ಲಿ ಹಗ್ಗದ ಉದ್ದವೂ ಗಟ್ಟಿಯಲ್ಲ. ಹಿಡಿತ ಸಡಿಲವಾದರೆ ವೃತ್ತ ದೊಡ್ಡದಾಗುತ್ತದೆ, ಹೆಚ್ಚಾದರೆ ಚಿಕ್ಕದಾಗುತ್ತದೆ. ಗಾಜಿನ ಬಳೆಯ ಒಳಗಿನ ಜಾಗವೋ ಕೆಲವೇ ಸೆಂಟಿಮೀಟರ್. ಆದ್ದರಿಂದ ತಳ್ಳುವಿಕೆಯಿಂದ ವೇಗ ಎಷ್ಟು ಹೆಚ್ಚಿತೋ ಅದಕ್ಕೆ ತಕ್ಕಷ್ಟೇ ಹಿಡಿತವೂ ಹೆಚ್ಚಬೇಕು, ಅದೂ ಓಟದ ಪ್ರತಿ ಕ್ಷಣದಲ್ಲೂ. ಇದನ್ನು ಯಾರೋ ನಿಂತು ನೋಡಿ ತಿದ್ದುತ್ತಾ ಇರಲು ಆಗುವುದಿಲ್ಲ. ಇಡೀ ಓಟ ಮುಗಿಯುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ.

ಎರಡು ಎಲ್ಲಿಂದ ಬಂತು

ವಿಡೆರೋ ಮಾಡಿದ ಲೆಕ್ಕ ಪಿಯುಸಿ ಭೌತಶಾಸ್ತ್ರ ಓದಿದವರಿಗೆ ನಿಲುಕುವಂಥದ್ದು. ವೃತ್ತದ ತ್ರಿಜ್ಯ r, ಎಲೆಕ್ಟ್ರಾನಿನ ವಿದ್ಯುದಂಶ e, ಅದರ ಸಂವೇಗ p, ಎಲೆಕ್ಟ್ರಾನು ಓಡುವ ಜಾಗದ ಕಾಂತಕ್ಷೇತ್ರ B, ವೃತ್ತದೊಳಗಿನ ಒಟ್ಟು ಅಭಿವಾಹ Φ ಎಂದು ಇಟ್ಟುಕೊಳ್ಳೋಣ.

ಅಭಿವಾಹ ಬದಲಾದಾಗ ಒಂದು ಸುತ್ತಿಗೆ ಸಿಗುವ ವೋಲ್ಟು ಅಭಿವಾಹದ ಬದಲಾವಣೆಯ ದರಕ್ಕೆ ಸಮ. ಅದು 2πr ಉದ್ದದ ಸುತ್ತಳತೆಯ ಮೇಲೆ ಸಮನಾಗಿ ಹಂಚಿಹೋಗುತ್ತದೆ. ಆ ತಳ್ಳನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ಹೋದರೆ, ಅಭಿವಾಹ ಸೊನ್ನೆಯಿಂದ Φ ತನಕ ಏರುವ ಹೊತ್ತಿಗೆ ಎಲೆಕ್ಟ್ರಾನು ಗಳಿಸಿದ ಸಂವೇಗ ಇಷ್ಟಾಗುತ್ತದೆ:

p = eΦ / (2πr)

ಇದು ಗಳಿಕೆ. ಇನ್ನು ಆ ಸಂವೇಗದ ಎಲೆಕ್ಟ್ರಾನನ್ನು r ತ್ರಿಜ್ಯದ ವೃತ್ತದಲ್ಲೇ ಹಿಡಿದಿಡಲು ಬೇಕಾದ ಕ್ಷೇತ್ರದ ಲೆಕ್ಕ ಹೀಗೆ:

p = eBr

ಎರಡೂ ಕಡೆಯ p ಒಂದೇ ಆಗಬೇಕು. ಹಾಗಾದರೆ

Φ = 2πr²B

ವೃತ್ತದ ವಿಸ್ತೀರ್ಣ πr². ಒಟ್ಟು ಅಭಿವಾಹವನ್ನು ವಿಸ್ತೀರ್ಣದಿಂದ ಭಾಗಿಸಿದರೆ ವೃತ್ತದೊಳಗಿನ ಕ್ಷೇತ್ರದ ಸರಾಸರಿ ಸಿಗುತ್ತದೆ. ಅದು 2B. ಅಂದರೆ ವೃತ್ತದೊಳಗಿನ ಸರಾಸರಿ ಕ್ಷೇತ್ರವು ಎಲೆಕ್ಟ್ರಾನು ಓಡುವ ಅಂಚಿನ ಕ್ಷೇತ್ರಕ್ಕಿಂತ ಸರಿಯಾಗಿ ಎರಡು ಪಟ್ಟು ಇರಬೇಕು. ಬೀಟಾಟ್ರಾನ್ ಷರತ್ತು ಎಂದರೆ ಇದೇ. ವಿಡೆರೋ ಷರತ್ತು ಎಂದೂ ಇದನ್ನು ಕರೆಯುತ್ತಾರೆ.

ಎಲ್ಲೆಡೆ ಒಂದೇ ಬಲದ ಕಾಂತಕ್ಷೇತ್ರ ಇಟ್ಟರೆ ಯಾಕೆ ಸಾಲದು ಎಂದು ಈಗ ಹೇಳಬಹುದು. ಆಗ ಒಳಗಿನ ಸರಾಸರಿ B ಮಾತ್ರ. ಎಲೆಕ್ಟ್ರಾನು ಬೇಕಾದ ಸಂವೇಗದ ಅರ್ಧವನ್ನಷ್ಟೇ ಗಳಿಸುತ್ತದೆ, ಹಿಡಿತವೋ ಪೂರ್ತಿ ಬಿಗಿಯಾಗುತ್ತದೆ. ಪರಿಣಾಮವಾಗಿ ಎಲೆಕ್ಟ್ರಾನು ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಸರಿದು ಗೋಡೆಗೆ ಬಡಿಯುತ್ತದೆ. ಉಳಿದ ಅರ್ಧ ತಳ್ಳನ್ನು ಕೊಡಲು ನಡುವಿನಲ್ಲಿ ಹೆಚ್ಚಿನ ಕಾಂತತ್ವ ಬೇಕು. ಅದಕ್ಕಾಗಿ ಕಾಂತದ ಎರಡು ಮುಖಗಳ ನಡುವಿನ ತೆರಪನ್ನು ಮಧ್ಯದಲ್ಲಿ ಕಿರಿದಾಗಿಸಿ ಅಲ್ಲಿ ಕಬ್ಬಿಣದ ಬಿಲ್ಲೆಗಳನ್ನು ಇಡುತ್ತಾರೆ. ಗಾಜಿನ ಬಳೆ ಕೂರುವ ಅಂಚಿನಲ್ಲಿ ತೆರಪು ಅಗಲವಾಗಿರುತ್ತದೆ. ಕಾಂತತ್ವಕ್ಕೆ ಕಬ್ಬಿಣದ ದಾರಿ ಸುಲಭ, ಗಾಳಿಯ ದಾರಿ ಕಷ್ಟ. ಹಾಗಾಗಿ ಅದು ನಡುವಿನಲ್ಲಿ ದಟ್ಟವಾಗಿ ಹಾಯುತ್ತದೆ. ಬಿಲ್ಲೆಗಳ ನಡುವಿನ ತೆರಪನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಎರಡರ ಪಟ್ಟನ್ನು ಹೊಂದಿಸುತ್ತಾರೆ.

ಒಂದು ಸಲ ಹೊಂದಿಸಿದರೆ ಮುಗಿಯಿತು. ನಡುವಿನ ಕ್ಷೇತ್ರ, ಅಂಚಿನ ಕ್ಷೇತ್ರ ಎರಡೂ ಒಂದೇ ಸುರುಳಿಯ ವಿದ್ಯುತ್ತಿನಿಂದ ಹುಟ್ಟುವುದರಿಂದ ಎರಡೂ ಜೊತೆಯಾಗಿ ಏರುತ್ತವೆ. ಸುರುಳಿಯ ವಿದ್ಯುತ್ತು ನಿಧಾನ ಏರಲಿ, ಬೇಗ ಏರಲಿ, ಮಧ್ಯೆ ಅಂಕುಡೊಂಕಾಗಿ ಏರಲಿ, ಪಟ್ಟು ಎರಡೇ ಆಗಿ ಉಳಿಯುತ್ತದೆ. ಷರತ್ತನ್ನು ಕಾಯುವುದು ಕಬ್ಬಿಣದ ಆಕಾರ.

ಈ ಸೂತ್ರದಲ್ಲಿ ಏನು ಇಲ್ಲ ಎಂಬುದನ್ನೂ ನೋಡಬೇಕು. ಎಲೆಕ್ಟ್ರಾನಿನ ತೂಕ ಇದರಲ್ಲಿ ಇಲ್ಲ, ವೇಗವೂ ಇಲ್ಲ. ಬೆಳಕಿನ ವೇಗದ ಹತ್ತಿರ ಹೋದಾಗ ಕಣಗಳ ಜಡತ್ವ ಹೆಚ್ಚುತ್ತದೆ ಎಂದು ಐನ್‌ಸ್ಟೈನ್ ತೋರಿಸಿಕೊಟ್ಟಿದ್ದರು. ಲಾರೆನ್ಸ್ ಕಟ್ಟಿದ ಸೈಕ್ಲೋಟ್ರಾನಿಗೆ ಇದೇ ದೊಡ್ಡ ಅಡ್ಡಿ. ಅಲ್ಲಿ ಕಣ ಪ್ರತಿ ಸುತ್ತನ್ನೂ ಅಷ್ಟೇ ಹೊತ್ತಿನಲ್ಲಿ ಮುಗಿಸಿದರೆ ಮಾತ್ರ ವಿದ್ಯುತ್ತಿನ ತಳ್ಳು ಅದಕ್ಕೆ ತಾಳ ತಪ್ಪದೆ ಸಿಗುತ್ತದೆ. ಹಗುರವಾದ ಎಲೆಕ್ಟ್ರಾನು ಬಹುಬೇಗ ಬೆಳಕಿನ ವೇಗದ ಸಮೀಪಕ್ಕೆ ಹೋಗಿ ತಾಳ ತಪ್ಪುತ್ತದೆ. ಬೀಟಾಟ್ರಾನಿನಲ್ಲಿ ತಾಳವೇ ಇಲ್ಲ. ತಳ್ಳು ಸುತ್ತಿನ ಉದ್ದಕ್ಕೂ ಸತತವಾಗಿ ಸಿಗುತ್ತಲೇ ಇರುತ್ತದೆ. ಎಲೆಕ್ಟ್ರಾನಿನ ಸಂವೇಗ ಎಷ್ಟೇ ಇರಲಿ, ಅದಕ್ಕೆ ತಕ್ಕ ಹಿಡಿತ ಆಗಲೇ ಸಿದ್ಧವಿರುತ್ತದೆ. ಎಲೆಕ್ಟ್ರಾನಿಗೆ ಇದಕ್ಕಿಂತ ಒಪ್ಪುವ ಯಂತ್ರ ಆ ಕಾಲದಲ್ಲಿ ಇನ್ನೊಂದಿರಲಿಲ್ಲ.

ಲೆಕ್ಕ ಸರಿಯಿತ್ತು, ಯಂತ್ರ ಓಡಲಿಲ್ಲ

ವಿಡೆರೋ ಆಮೇಲೆ ಆಖೆನ್ ನಗರದ ತಾಂತ್ರಿಕ ವಿದ್ಯಾಲಯಕ್ಕೆ ಹೋಗಿ ಪ್ರೊಫೆಸರ್ ರೊಗೋವ್ಸ್ಕಿ ಅವರ ಕೈಕೆಳಗೆ ಈ ಯಂತ್ರವನ್ನು ಕಟ್ಟಿ ನೋಡಿದರು. ಅದು ಓಡಲಿಲ್ಲ. ಎಲೆಕ್ಟ್ರಾನ್‌ಗಳು ಸ್ವಲ್ಪ ದೂರ ಹೋಗಿ ಗಾಜಿನ ಗೋಡೆ ಸೇರುತ್ತಿದ್ದವು, ಗೋಡೆಯ ಮೇಲೆ ಕೂತ ವಿದ್ಯುದಂಶ ಹಿಂದೆ ಬಂದವನ್ನೂ ದಾರಿ ತಪ್ಪಿಸುತ್ತಿತ್ತು. ಡಾಕ್ಟರೇಟ್ ಪ್ರಬಂಧಕ್ಕೆ ಏನಾದರೂ ಫಲಿತಾಂಶ ಬೇಕಲ್ಲ, ಅವರು ಬೇರೆ ದಾರಿ ಹಿಡಿದರು. ಕೊಳವೆಗಳ ಸಾಲಿನ ಮೂಲಕ ಅಯಾನುಗಳನ್ನು ನೇರವಾಗಿ ಹಾಯಿಸಿ, 25 ಸಾವಿರ ವೋಲ್ಟನ್ನು ಎರಡು ಸಲ ಬಳಸಿ 50 ಸಾವಿರ ವೋಲ್ಟಿನ ಶಕ್ತಿ ಪಡೆದರು. 1928ರಲ್ಲಿ ಅಚ್ಚಾದ ಆ ಲೇಖನದ ಚಿತ್ರಗಳನ್ನು ನೋಡಿಯೇ ಅಮೆರಿಕದ ಲಾರೆನ್ಸ್ ಅವರಿಗೆ ಸೈಕ್ಲೋಟ್ರಾನ್ ಹೊಳೆದದ್ದು. ಕಿರಣ ಟ್ರಾನ್ಸ್‌ಫಾರ್ಮರ್ ಮಾತ್ರ ಪುಸ್ತಕದಲ್ಲೇ ಉಳಿಯಿತು.

ತಪ್ಪು ಎಲ್ಲಿತ್ತು? ಎರಡರ ಲೆಕ್ಕದಲ್ಲಿ ಖಂಡಿತ ಅಲ್ಲ. ಆ ಲೆಕ್ಕ ಒಂದೇ ಒಂದು ಗೆರೆಯ ಬಗ್ಗೆ ಹೇಳುತ್ತದೆ: r ತ್ರಿಜ್ಯದ ಮೇಲೆ ಕರಾರುವಾಕ್ಕಾಗಿ ಹೊರಟ ಎಲೆಕ್ಟ್ರಾನು ಅಲ್ಲಿಯೇ ಉಳಿಯುತ್ತದೆ. ಆದರೆ ಯಾವ ಎಲೆಕ್ಟ್ರಾನೂ ಕರಾರುವಾಕ್ಕಾಗಿ ಹೊರಡುವುದಿಲ್ಲ. ಒಂದು ಕೂದಲೆಳೆ ಮೇಲೆ ಹೊರಡುತ್ತದೆ, ಇನ್ನೊಂದು ಸ್ವಲ್ಪ ಓರೆಯಾಗಿ ಹೊರಡುತ್ತದೆ, ಮತ್ತೊಂದು ಅಳಿದುಳಿದ ಗಾಳಿಯ ಅಣುವಿಗೆ ತಾಗಿ ಸರಿಯುತ್ತದೆ. ಹೀಗೆ ಸರಿದದ್ದು ವಾಪಸು ಬರಬೇಕು. ಬೋರಲು ಹಾಕಿದ ಬಾಣಲೆಯ ನೆತ್ತಿಯ ಮೇಲೂ ಗೋಲಿ ನಿಲ್ಲಬಹುದು, ಬಾಣಲೆಯ ಒಳಗಿನ ತಳದಲ್ಲೂ ನಿಲ್ಲಬಹುದು. ನಿಲ್ಲುವ ಲೆಕ್ಕ ಎರಡಕ್ಕೂ ಒಂದೇ. ಬೆರಳಿನಿಂದ ತಟ್ಟಿದಾಗ ಮೊದಲನೆಯದು ಉರುಳಿಹೋಗುತ್ತದೆ, ಎರಡನೆಯದು ಓಲಾಡುತ್ತ ತಳಕ್ಕೆ ಮರಳುತ್ತದೆ. ವಿಡೆರೋ ಅವರ ಯಂತ್ರದಲ್ಲಿ ಎಲೆಕ್ಟ್ರಾನಿಗೆ ಬಾಣಲೆಯ ತಳ ಇರಲಿಲ್ಲ.

ಬಾಗಿದ ಕ್ಷೇತ್ರದ ಬಾಣಲೆ

ಬಾಣಲೆಯನ್ನು ಹೇಗೆ ಕಟ್ಟುವುದು ಎಂಬ ಚಿಂತನೆ ಹಲವು ಕಡೆ ನಡೆಯಿತು. ಕೇಂಬ್ರಿಜ್‌ನಲ್ಲಿ ಅರ್ನೆಸ್ಟ್ ವಾಲ್ಟನ್ 1929ರಲ್ಲಿ ಅದರ ಒಂದು ಭಾಗವನ್ನು ಬಿಡಿಸಿದರು. ಜರ್ಮನಿಯ ಸೀಮೆನ್ಸ್ ಸಂಸ್ಥೆಯಲ್ಲಿ ಮ್ಯಾಕ್ಸ್ ಸ್ಟೀನ್‌ಬೆಕ್ 1930ರ ದಶಕದ ನಡುವಿನಲ್ಲಿ ಷರತ್ತನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಅದನ್ನೆಲ್ಲ ಓದಿ, ಲೆಕ್ಕ ಹಾಕಿ, ಓಡುವ ಯಂತ್ರವನ್ನು ಮಾಡಿ ತೋರಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಸ್ಟ್. ಲೆಕ್ಕದಲ್ಲಿ ಅವರ ಜೊತೆಗಿದ್ದವರು ರಾಬರ್ಟ್ ಸರ್ಬರ್.

ಅಂಚಿನ ಕ್ಷೇತ್ರ ಒಳಗಿನಿಂದ ಹೊರಗೆ ಹೋದಂತೆ ಮೆಲ್ಲಗೆ ಇಳಿಯಬೇಕು, ಇದು ಅವರು ಹಿಡಿದ ಸೂತ್ರ. ಎಷ್ಟು ಮೆಲ್ಲಗೆ ಎಂಬುದರಲ್ಲಿ ಎಲ್ಲವೂ ಇದೆ.

ಎಲೆಕ್ಟ್ರಾನು ಮೇಲೆ ಕೆಳಗೆ ಸರಿದಾಗ ಏನಾಗುತ್ತದೆ ನೋಡಿ. ಹೊರಗೆ ಹೋದಂತೆ ಕ್ಷೇತ್ರ ಇಳಿಯುವುದಾದರೆ ಕಾಂತದ ಬಲರೇಖೆಗಳು ನೆಟ್ಟಗೆ ಇರುವುದಿಲ್ಲ, ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಾಗಿರುತ್ತವೆ. ಬಾಗಿದ ರೇಖೆಯ ಸೆಳೆತವೂ ಓರೆಯಾಗಿರುತ್ತದೆ. ನಡು ಮಟ್ಟದಿಂದ ಮೇಲಕ್ಕೆ ಸರಿದ ಎಲೆಕ್ಟ್ರಾನನ್ನು ಅದು ಒಳಕ್ಕೆ ಎಳೆಯುವುದರ ಜೊತೆಗೆ ಸ್ವಲ್ಪ ಕೆಳಕ್ಕೂ ಎಳೆಯುತ್ತದೆ. ಕೆಳಗೆ ಸರಿದದ್ದನ್ನು ಮೇಲಕ್ಕೆ ಎಳೆಯುತ್ತದೆ. ಕ್ಷೇತ್ರ ಎಲ್ಲೆಡೆ ಒಂದೇ ಆಗಿದ್ದರೆ ಈ ಓರೆ ಸೆಳೆತ ಇರುವುದಿಲ್ಲ, ಮೇಲೆ ಸರಿದ ಎಲೆಕ್ಟ್ರಾನು ಮೇಲೆಯೇ ಹೋಗಿಬಿಡುತ್ತದೆ.

ಹಾಗೆಂದು ಕ್ಷೇತ್ರ ತುಂಬ ಬೇಗ ಇಳಿಯುವಂತಿಲ್ಲ. ಎಲೆಕ್ಟ್ರಾನು ಹೊರಕ್ಕೆ ಸರಿದಾಗ ಅದರ ವೃತ್ತ ದೊಡ್ಡದಾಗಿ, ಬಾಗಲು ಬೇಕಾದ ಬಲ ತ್ರಿಜ್ಯಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಕ್ಷೇತ್ರ ಅದಕ್ಕಿಂತ ನಿಧಾನವಾಗಿ ಇಳಿದರೆ, ಹೊರಗೆ ಸಿಗುವ ಸೆಳೆತ ಬೇಕಾದ್ದಕ್ಕಿಂತ ಹೆಚ್ಚಿದ್ದು ಎಲೆಕ್ಟ್ರಾನು ಒಳಕ್ಕೆ ಮರಳುತ್ತದೆ. ಕ್ಷೇತ್ರ ಅದಕ್ಕಿಂತ ಬೇಗ ಇಳಿದರೆ ಸೆಳೆತ ಸಾಲದೆ ಹೊರಕ್ಕೇ ಹೋಗುತ್ತದೆ. ಕ್ಷೇತ್ರವು 1/rⁿ ಎಂಬಂತೆ ಇಳಿಯುತ್ತದೆ ಎಂದು ಬರೆದರೆ, n ಸೊನ್ನೆಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ ಇರಬೇಕು. ಸೊನ್ನೆಯಾದರೆ ಮೇಲೆ ಕೆಳಗಿನ ಹಿಡಿತ ಹೋಗುತ್ತದೆ, ಒಂದಾದರೆ ಒಳ ಹೊರಗಿನ ಹಿಡಿತ ಹೋಗುತ್ತದೆ. ಎರಡೂ ಹಿಡಿತ ಉಳಿಯಬೇಕಾದರೆ ನಡುವೆ ಎಲ್ಲೋ ನಿಲ್ಲಬೇಕು. ಕಾಂತದ ಮುಖಗಳನ್ನು ಅಂಚಿನಲ್ಲಿ ಸ್ವಲ್ಪ ಇಳಿಜಾರಾಗಿ ಕಡೆದು ಈ ಇಳಿತವನ್ನು ತರುತ್ತಾರೆ.

ಹೀಗೆ ಹಿಡಿದಿಟ್ಟ ಎಲೆಕ್ಟ್ರಾನು ವೃತ್ತದ ಗೆರೆಯ ಮೇಲೆಯೇ ಹೋಗುವುದಿಲ್ಲ. ಗೆರೆಯ ಆಚೀಚೆ ಓಲಾಡುತ್ತ ಸುತ್ತುತ್ತದೆ. ಇದಕ್ಕೆ ಬೀಟಾಟ್ರಾನ್ ಆಂದೋಲನ ಎಂದು ಹೆಸರು. ಕ್ಷೇತ್ರ ಏರಿದಂತೆಲ್ಲ ಈ ಓಲಾಟ ತಾನಾಗಿಯೇ ಕಿರಿದಾಗುತ್ತದೆ. ಕ್ಷೇತ್ರ ನೂರು ಪಟ್ಟಾದರೆ ಓಲಾಟದ ಅಗಲ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಅಪಾಯವೆಲ್ಲ ಓಟದ ಆರಂಭದಲ್ಲೇ. ಮೊದಲ ಕೆಲವು ಸುತ್ತುಗಳಲ್ಲಿ ಗೋಡೆಗೆ ತಾಗದೆ ಉಳಿದ ಎಲೆಕ್ಟ್ರಾನು ಸಾಮಾನ್ಯವಾಗಿ ಕೊನೆಯ ತನಕ ಉಳಿಯುತ್ತದೆ.

ಅಂಗೈಯಗಲದ ವೃತ್ತದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚಿನ ಓಟ

1940ರ ಜುಲೈನಲ್ಲಿ ಕರ್ಸ್ಟ್ ಅವರ ಯಂತ್ರ ಓಡಿತು. ಮೇಜಿನ ಮೇಲೆ ಇಡಬಹುದಾದ ಗಾತ್ರ. ಎಲೆಕ್ಟ್ರಾನು ಸುತ್ತುವ ವೃತ್ತದ ತ್ರಿಜ್ಯ ಏಳೂವರೆ ಸೆಂಟಿಮೀಟರ್, ಅಂದರೆ ಊಟದ ತಟ್ಟೆಗಿಂತ ಚಿಕ್ಕದು. ಕಾಂತಕ್ಕೆ ಸೆಕೆಂಡಿಗೆ 600 ಸಲ ಏರಿಳಿಯುವ ವಿದ್ಯುತ್ತು. ಎಲೆಕ್ಟ್ರಾನಿಗೆ ಸಿಕ್ಕ ಶಕ್ತಿ 23 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಈ ಮೂರು ಅಂಕಿಗಳಿಂದ ಉಳಿದುದನ್ನು ನಾವೇ ಲೆಕ್ಕ ಹಾಕಬಹುದು.

23 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನನ್ನು ಏಳೂವರೆ ಸೆಂಟಿಮೀಟರ್ ತ್ರಿಜ್ಯದಲ್ಲಿ ಹಿಡಿಯಲು ಅಂಚಿನಲ್ಲಿ ಸುಮಾರು 0.12 ಟೆಸ್ಲಾ ಕ್ಷೇತ್ರ ಬೇಕು. ಷರತ್ತಿನ ಪ್ರಕಾರ ಒಳಗಿನ ಸರಾಸರಿ ಅದರ ಎರಡು ಪಟ್ಟು, ಸುಮಾರು 0.25 ಟೆಸ್ಲಾ. ಕಬ್ಬಿಣಕ್ಕೆ ಇದು ಭಾರವೇನಲ್ಲ.

ವಿದ್ಯುತ್ತು ಸೆಕೆಂಡಿಗೆ 600 ಸಲ ಏರಿಳಿದರೂ ಆ ಏರಿಳಿತದ ನಾಲ್ಕನೆಯ ಒಂದು ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಕ್ಷೇತ್ರ ಸೊನ್ನೆಯಿಂದ ತುದಿಗೆ ಏರುವಾಗ ಎಲೆಕ್ಟ್ರಾನು ವೇಗ ಗಳಿಸುತ್ತದೆ. ತುದಿಯಿಂದ ಇಳಿಯತೊಡಗಿದರೆ ತಳ್ಳು ತಿರುಗಿ, ಗಳಿಸಿದ್ದೆಲ್ಲ ಕರಗುತ್ತದೆ. ಹಾಗಾಗಿ ಕ್ಷೇತ್ರ ಸೊನ್ನೆ ದಾಟಿದ ಕೂಡಲೇ ಎಲೆಕ್ಟ್ರಾನ್‌ಗಳನ್ನು ಒಳಗೆ ಚಿಮ್ಮಿಸಿ, ತುದಿ ಮುಟ್ಟುವ ಹೊತ್ತಿಗೆ ಹೊರಗೆ ತೆಗೆಯಬೇಕು. ಓಟದ ಅವಧಿ ಸೆಕೆಂಡಿನ 2,400ರಲ್ಲಿ ಒಂದು ಭಾಗ.

ಆ ಅವಧಿಯಲ್ಲಿ ಬೆಳಕು 125 ಕಿಲೋಮೀಟರ್ ಹೋಗುತ್ತದೆ. ಎಲೆಕ್ಟ್ರಾನು ಆರಂಭದಲ್ಲಿ ನಿಧಾನವಾಗಿದ್ದರೂ ಬೇಗನೆ ಬೆಳಕಿನ ವೇಗದ ಸಮೀಪಕ್ಕೆ ಬಂದುಬಿಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಅದು ಓಡಿದ ದೂರ ಸುಮಾರು 110 ಕಿಲೋಮೀಟರ್. ಒಂದು ಸುತ್ತಿನ ಉದ್ದ 47 ಸೆಂಟಿಮೀಟರ್. ಅಂದರೆ ಸುಮಾರು 2 ಲಕ್ಷ 30 ಸಾವಿರ ಸುತ್ತು. 23 ಲಕ್ಷವನ್ನು ಅದರಿಂದ ಭಾಗಿಸಿದರೆ ಸುತ್ತಿಗೆ ಸರಾಸರಿ ಹತ್ತು ವೋಲ್ಟು. ಟಾರ್ಚಿಗೆ ಹಾಕುವ ಸೆಲ್ಲುಗಳನ್ನು ಆರೇಳು ಜೋಡಿಸಿದರೆ ಸಿಗುವ ವೋಲ್ಟು ಅದು. ಬೆಂಗಳೂರಿನಿಂದ ಹೊರಟು ಚನ್ನಪಟ್ಟಣ, ಮದ್ದೂರು ದಾಟಿ ಮಂಡ್ಯದ ಆಚೆಗೆ ಹೋಗುವಷ್ಟು ದೂರವನ್ನು, ಅಂಗೈಯಗಲದ ವೃತ್ತವನ್ನು ಬಿಟ್ಟು ಕದಲದೆ, ಎಲೆಕ್ಟ್ರಾನು ಓಡಿ ಮುಗಿಸುತ್ತದೆ. ಕಿರಿದಾದ ತಳ್ಳು ವ್ಯರ್ಥವಾಗದೆ ಸೇರುತ್ತ ಹೋಗಬೇಕಾದರೆ ಹಿಡಿತ ಎಷ್ಟು ಖಚಿತವಾಗಿರಬೇಕು ಎಂಬುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಎಲೆಕ್ಟ್ರಾನು ಲೋಹದ ಗುರಿಗೆ ಬಡಿದಾಗ ಕ್ಷ-ಕಿರಣ ಹೊಮ್ಮುತ್ತದೆ. ಕ್ಷ-ಕಿರಣ ಬಂದರೆ ಎಲೆಕ್ಟ್ರಾನು ಉಳಿದು ವೇಗ ಪಡೆದಿದೆ. ಕ್ಷೇತ್ರದ ಏರಿಕೆಯ ಯಾವ ಹೊತ್ತಿನಲ್ಲಿ ಬಂತು ಎಂಬುದು ಎರಡನೆಯ ಸುಳಿವು. ತುದಿಯ ಹೊತ್ತಿಗೆ ಬಂದರೆ ಓಟ ಪೂರ್ತಿಯಾಗಿದೆ. ಮೊದಲೇ ಬಂದರೆ ಮಧ್ಯದಲ್ಲಿ ಷರತ್ತು ತಪ್ಪಿದೆ.

ಬೇಕೆಂದೇ ಷರತ್ತನ್ನು ತಪ್ಪಿಸಿಯೂ ಕೆಲಸ ಸಾಧಿಸುತ್ತಾರೆ. ಕಬ್ಬಿಣ ಹೀರಬಲ್ಲ ಕಾಂತತ್ವಕ್ಕೆ ಮಿತಿಯಿದೆ. ನಡುವಿನ ಬಿಲ್ಲೆಗಳು ಆ ಮಿತಿ ಮುಟ್ಟಿದ ಮೇಲೆ ಅಂಚಿನ ಕ್ಷೇತ್ರ ಏರುತ್ತಿದ್ದರೂ ಒಳಗಿನ ಅಭಿವಾಹ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸರಾಸರಿ ಎರಡು ಪಟ್ಟಿಗಿಂತ ಕೆಳಗಿಳಿಯುತ್ತದೆ. ತಳ್ಳಿಗಿಂತ ಹಿಡಿತ ಹೆಚ್ಚಾಗಿ ವೃತ್ತ ಒಳಕ್ಕೆ ಕುಗ್ಗುತ್ತದೆ. ಗುರಿಯನ್ನು ಒಳಬದಿಯಲ್ಲಿ ಇಟ್ಟರೆ ಎಲೆಕ್ಟ್ರಾನುಗಳು ತಾವಾಗಿಯೇ ಅದಕ್ಕೆ ಬಡಿಯುತ್ತವೆ. ಗುರಿ ಹೊರಬದಿಯಲ್ಲಿದ್ದರೆ, ಓಟದ ಕೊನೆಯಲ್ಲಿ ಬೇರೊಂದು ಸುರುಳಿಗೆ ವಿದ್ಯುತ್ತಿನ ಒಂದು ಚುಟುಕು ಪೆಟ್ಟು ಕೊಟ್ಟು ಪಟ್ಟನ್ನು ಎರಡಕ್ಕಿಂತ ಹೆಚ್ಚಿಸಿ, ವೃತ್ತವನ್ನು ಹಿಗ್ಗಿಸುತ್ತಾರೆ.

ಷರತ್ತನ್ನು ಮುರಿದ ಬೆಳಕು

ಕರ್ಸ್ಟ್ ಅವರ ಯಶಸ್ಸಿನ ನಂತರ ಯಂತ್ರಗಳು ಬೇಗಬೇಗ ದೊಡ್ಡದಾದವು. ಜನರಲ್ ಎಲೆಕ್ಟ್ರಿಕ್ ಸಂಸ್ಥೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ 10 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಬೀಟಾಟ್ರಾನನ್ನು 1945ರ ಹೊತ್ತಿಗೆ ನಿಲ್ಲಿಸಿತು. ಅದರ ಕಾಂತವೇ ನೂರು ಟನ್ನಿಗೂ ಹೆಚ್ಚು ಭಾರ. ಕರ್ಸ್ಟ್ 1950ರಲ್ಲಿ ಇಲಿನಾಯ್‌ನಲ್ಲಿ 30 ಕೋಟಿ ಎಲೆಕ್ಟ್ರಾನ್ ವೋಲ್ಟಿನದನ್ನು ಕಟ್ಟಿದರು. ಅದಕ್ಕಿಂತ ದೊಡ್ಡ ಬೀಟಾಟ್ರಾನ್ ಮುಂದೆ ಬರಲಿಲ್ಲ.

ಕಬ್ಬಿಣದ ಭಾರ ಒಂದು ಕಾರಣ. ಶಕ್ತಿ ಹೆಚ್ಚಬೇಕಾದರೆ ಒಟ್ಟು ಅಭಿವಾಹ ಹೆಚ್ಚಬೇಕು, ಅದಕ್ಕೆ ವೃತ್ತದ ಒಳಗನ್ನೆಲ್ಲ ತುಂಬುವ ಕಬ್ಬಿಣ ಬೇಕು. ಇನ್ನೊಂದು ಕಾರಣ ಎಲೆಕ್ಟ್ರಾನಿನಲ್ಲೇ ಇದೆ. ಬಾಗಿ ಓಡುವ ಎಲೆಕ್ಟ್ರಾನು ಬೆಳಕನ್ನು ಸೂಸುತ್ತ ಶಕ್ತಿ ಕಳೆದುಕೊಳ್ಳುತ್ತದೆ. ಇದು ಬೀಟಾಟ್ರಾನಿಗೆ ಎಲ್ಲೆ ಹಾಕುತ್ತದೆ ಎಂದು ರಷ್ಯಾದ ಇವಾನೆಂಕೊ ಮತ್ತು ಪೊಮೆರಾಂಚುಕ್ 1944ರಲ್ಲೇ ಬರೆದಿದ್ದರು. ಎರಡರ ಲೆಕ್ಕ ತಳ್ಳಿದ್ದೆಲ್ಲ ಉಳಿಯುತ್ತದೆ ಎಂದು ನಂಬಿ ಹಾಕಿದ್ದು. ಸೂಸಿದ ಬೆಳಕಿಗೆ ಅದರಲ್ಲಿ ಜಾಗವಿಲ್ಲ.

ಒಂದೇ ತ್ರಿಜ್ಯದಲ್ಲಿ ಎಲೆಕ್ಟ್ರಾನಿನ ಶಕ್ತಿ ಎರಡು ಪಟ್ಟಾದರೆ ಸುತ್ತಿಗೆ ಆಗುವ ಈ ನಷ್ಟ ಹದಿನಾರು ಪಟ್ಟಾಗುತ್ತದೆ. ಸ್ಕೆನೆಕ್ಟಡಿಯ ಯಂತ್ರದಲ್ಲಿ ಎಲೆಕ್ಟ್ರಾನಿಗೆ ಸುತ್ತಿಗೆ ಸುಮಾರು 400 ಎಲೆಕ್ಟ್ರಾನ್ ವೋಲ್ಟ್ ಗಳಿಕೆ. ಕೊನೆಯ ಸುತ್ತುಗಳಲ್ಲಿ ನಷ್ಟ ಹತ್ತರ ಆಸುಪಾಸು. ಅಷ್ಟು ಸಣ್ಣ ನಷ್ಟವೂ ಲಕ್ಷಾಂತರ ಸುತ್ತುಗಳಲ್ಲಿ ಕೂಡಿದರೆ ಎಲೆಕ್ಟ್ರಾನು ಇರಬೇಕಾದ ಸಂವೇಗಕ್ಕಿಂತ ಹಿಂದೆ ಬೀಳುತ್ತದೆ, ವೃತ್ತ ಒಳಕ್ಕೆ ಕುಗ್ಗುತ್ತದೆ. ಅಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬ್ಲೂಯೆಟ್ 1946ರಲ್ಲಿ ಈ ಕುಗ್ಗುವಿಕೆಯನ್ನು ಅಳೆದರು. ಅದು ಲೆಕ್ಕಕ್ಕೆ ಹೊಂದಿತು. ಬೆಳಕು ಮಾತ್ರ ಕಾಣಲಿಲ್ಲ, ಏಕೆಂದರೆ ಆ ಯಂತ್ರದ ಕೊಳವೆ ಪಾರದರ್ಶಕವಾಗಿರಲಿಲ್ಲ. ಮರುವರ್ಷ ಅದೇ ಸಂಸ್ಥೆಯ ಪಾರದರ್ಶಕ ಕೊಳವೆಯ ಬೇರೊಂದು ಯಂತ್ರದಲ್ಲಿ, ಸಿಂಕ್ರೋಟ್ರಾನಿನಲ್ಲಿ, ಆ ಬೆಳಕು ಕಣ್ಣಿಗೇ ಬಿತ್ತು.

30 ಕೋಟಿಯ ಹೊತ್ತಿಗೆ ಸುತ್ತಿಗೆ ಆಗುವ ನಷ್ಟ ಐನೂರು ಎಲೆಕ್ಟ್ರಾನ್ ವೋಲ್ಟನ್ನು ದಾಟುತ್ತದೆ. ಗಳಿಕೆಯನ್ನೇ ನುಂಗುವಷ್ಟು ನಷ್ಟ. ಅದನ್ನು ತುಂಬಿಕೊಡಲು ಕಬ್ಬಿಣದಿಂದ ಸಿಗುವ ಮೆಲುವಾದ ತಳ್ಳು ಸಾಲದು. ಸುತ್ತಿಗೊಮ್ಮೆ ರೇಡಿಯೊ ಅಲೆಯಿಂದ ದೊಡ್ಡ ತಳ್ಳು ಕೊಡುವ ಸಿಂಕ್ರೋಟ್ರಾನುಗಳು ಆ ಜಾಗ ತೆಗೆದುಕೊಂಡವು.

ಆದರೂ ಸಣ್ಣ ಬೀಟಾಟ್ರಾನುಗಳು ದಶಕಗಳ ಕಾಲ ದುಡಿದವು. ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪನಿಗಾಗಿ ಸ್ವತಃ ವಿಡೆರೋ ಅವುಗಳನ್ನು ರೂಪಿಸಿದರು, ಅವು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಳಕೆಯಾದವು. ಓಟಕ್ಕೊಮ್ಮೆ ಹಿಡಿಯಬಲ್ಲ ಎಲೆಕ್ಟ್ರಾನುಗಳು ಕಡಿಮೆಯಾದ್ದರಿಂದ ಕಿರಣ ಕ್ಷೀಣ. ಅದಕ್ಕೇ ಆಸ್ಪತ್ರೆಗಳು ಮುಂದೆ ನೇರ ಓಟದ ಯಂತ್ರಗಳಿಗೆ ತಿರುಗಿದವು. ಎತ್ತಿಕೊಂಡು ಹೋಗಬಲ್ಲ ಪುಟ್ಟ ಬೀಟಾಟ್ರಾನುಗಳನ್ನು ದಪ್ಪ ಕಾಂಕ್ರೀಟಿನ ಮತ್ತು ಎರಕದ ಒಳಗಿನ ಬಿರುಕು ಹುಡುಕಲು ಇಂದಿಗೂ ಬಳಸುತ್ತಾರೆ. ರಷ್ಯಾದ ತೋಮ್ಸ್ಕ್ ನಗರದಲ್ಲಿ ಅವನ್ನು ತಯಾರಿಸುತ್ತಾರೆ.

ಯಂತ್ರಕ್ಕಿಂತ ಹೆಚ್ಚು ಬಾಳಿದ್ದು ಅದು ಕಲಿಸಿದ ಪಾಠ. ಎರಡರ ಷರತ್ತು ದಾರಿಯನ್ನು ಗುರುತಿಸಿತು, ಇಳಿಜಾರು ಕ್ಷೇತ್ರ ದಾರಿ ತಪ್ಪಿದ್ದನ್ನು ಮರಳಿ ತಂದಿತು. ಮೊದಲನೆಯದೊಂದೇ ಇದ್ದಾಗ ವಿಡೆರೋ ಅವರ ಯಂತ್ರ ನಿಂತಿತು, ಎರಡೂ ಸೇರಿದಾಗ ಕರ್ಸ್ಟ್ ಅವರದು ಓಡಿತು. ಆ ಹೆಸರು ಇಂದಿಗೂ ಅಳಿದಿಲ್ಲ. ನಮ್ಮ ದೇಶದ ಇಂದೋರಿನಲ್ಲಿ 172 ಮೀಟರ್ ಸುತ್ತಳತೆಯ ಇಂಡಸ್-2 ಎಂಬ ಸಿಂಕ್ರೋಟ್ರಾನ್ ಇದೆ. ಅದರ ವೃತ್ತದೊಳಗೆ ಪ್ರೇರಣೆಯಿಂದ ತಳ್ಳುವ ಕಬ್ಬಿಣದ ತಿರುಳು ಇಲ್ಲ, ಎರಡರ ಲೆಕ್ಕ ಅಲ್ಲಿ ಬೇಕಿಲ್ಲ. ಆದರೆ ಅಲ್ಲಿ ಸುತ್ತುವ ಎಲೆಕ್ಟ್ರಾನು ಒಂದು ಸುತ್ತಿಗೆ ಎಷ್ಟು ಸಲ ಓಲಾಡುತ್ತದೆ ಎಂದು ವಿಜ್ಞಾನಿಗಳು ಅಳೆಯುತ್ತಾರೆ, ಮತ್ತು ಆ ಓಲಾಟವನ್ನು ಅವರು ಬೀಟಾಟ್ರಾನ್ ಆಂದೋಲನ ಎಂದೇ ಕರೆಯುತ್ತಾರೆ.